ಕಾವೇರಿ ಉದ್ದ 765ಓ, 800ಓ, 805ಓ? ಶಾಲಾ ಕ್ವಿಜ್ ಸ್ಕ್ರಿಪ್ಟ್ ಒಂದ್ಸಲ ನೋಡಿ ಹೇಳಿ

ಮಳವಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಕಡೆ ಹೈಸ್ಕೂಲು ಮಕ್ಕಳಿಗೆ ಕ್ವಿಜ್ ಇದೆ. ರಾಜಧಾನಿ, ನದಿ, ಗಡಿ ಸುತ್ತನ್ನ ನಡೆಸಿಕೊಡೋ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಹೋದ ವರ್ಷ ಬೇರೊಬ್ಬರು ನಡೆಸಿದಾಗ ಒಂದೇ ಪ್ರಶ್ನೆಗೆ ಎರಡು ತಂಡದವರು ಎರಡು ಪುಸ್ತಕ ಹಿಡ್ಕೊಂಡು ತೀರ್ಪುಗಾರರ ಮೇಜಿನ ಹತ್ರ ಬಂದುಬಿಟ್ರು. ಕೊನೆಗೆ ಯಾರ ಗಂಟಲು ದೊಡ್ಡದೋ ಅವರಿಗೆ ಅಂಕ.

ಅದಕ್ಕೆ ಈ ಸಲ ಉತ್ತರ ಹೇಳಿದ ಮೇಲೆ "ಗೊತ್ತಾದ ಬಗೆ" ಅಂತ ಎರಡು ಸಾಲು ನಾನೇ ಓದ್ತೀನಿ. ಉತ್ತರ ಎಲ್ಲಿಂದ ಬಂತು, ಯಾಕೆ ನಂಬಬೇಕು ಅಂತ ಮಕ್ಕಳಿಗೂ ತಿಳೀಲಿ ಅಂತ. ಸ್ಯಾಂಪಲ್ಲಿಗೆ ನಾಲ್ಕು ಹಾಕ್ತಿದ್ದೀನಿ:

ಪ್ರಶ್ನೆ 1. ನೆದರ್ಲೆಂಡ್ಸ್ ರಾಜಧಾನಿ? ಉತ್ತರ: ಆಮ್‌ಸ್ಟರ್‌ಡ್ಯಾಮ್. ಗೊತ್ತಾದ ಬಗೆ: ಅಟ್ಲಾಸ್.

ಪ್ರಶ್ನೆ 2. ಕರ್ನಾಟಕದ ಗಡಿಗೆ ಎಷ್ಟು ರಾಜ್ಯ ತಾಗುತ್ತವೆ? ಉತ್ತರ: ಆರು. ಗೊತ್ತಾದ ಬಗೆ: ರಾಜಕೀಯ ನಕ್ಷೆ.

ಪ್ರಶ್ನೆ 3. ಕೆಆರ್‌ಎಸ್ ಅಣೆಕಟ್ಟೆ ಯಾವ ಜಿಲ್ಲೆಯಲ್ಲಿದೆ? ಉತ್ತರ: ಮಂಡ್ಯ.

ಪ್ರಶ್ನೆ 4. ಕಾವೇರಿ ನದಿಯ ಉದ್ದ? ಉತ್ತರ: 800 ಕಿ.ಮೀ. ಗೊತ್ತಾದ ಬಗೆ: ಪುಸ್ತಕದಲ್ಲಿದೆ, ಮೂರು ವೆಬ್‌ಸೈಟಲ್ಲೂ ಅದೇ ಇದೆ.

ಎಲ್ಲೆಲ್ಲಿ ತೂತಿದೆ ಹೇಳಿ. ಮುಲಾಜು ಬೇಡ.

ಕೆಎಎಸ್ ಕನಸು

ನಾಲ್ಕನೇದು ತಪ್ಪು ಸರ್. 805 ಕಿ.ಮೀ. ನಮ್ಮ ಕೋಚಿಂಗ್ ನೋಟ್ಸಲ್ಲಿ ದಪ್ಪ ಅಕ್ಷರದಲ್ಲಿದೆ.

ಕನ್ನಂಬಾಡಿ ಹೈದ

ನಾನು ಇಂಗ್ಲಿಷ್ ವಿಶ್ವಕೋಶದಲ್ಲಿ ನೋಡ್ದೆ, 765 ಅಂತಿದೆ. ನದಿ ರಬ್ಬರ್ರಾ ಏನ್ ಗುರು 😄

ಕ್ವಿಜ್ ಮಗಳ ಅಪ್ಪ

ಅಯ್ಯೋ ಇದೇ ಪ್ರಶ್ನೇಲಿ ನನ್ನ ಮಗಳು ಒಂದು ಕಡೆ ಫೈನಲ್ ಸೋತಳು ಸ್ವಾಮಿ. ಎಲ್ಲಿ ಅಂತ ಹೇಳಲ್ಲ. ಅವಳು 805 ಅಂದಳು, ಕಾರ್ಡಲ್ಲಿ 800 ಇತ್ತು, ಸೊನ್ನೆ ಕೊಟ್ರು. ಐದು ಕಿಲೋಮೀಟ್ರಿಗೆ ಒಂದು ಟ್ರೋಫಿ ಹೋಯ್ತು. ಈಗ ಹೇಳಿ, ಅವಳು ಸರಿಯಾ ತಪ್ಪಾ?

ಹಳೇ ಸರ್ವೇಯರ್

ಮೇಷ್ಟ್ರೇ, ಮೂವತ್ತು ವರ್ಷ ಸರಪಳಿ, ನಕ್ಷೆ ಹಿಡಿದವನು ನಾನು, ಈಗ ಮೈಸೂರಲ್ಲಿ ಆರಾಮಾಗಿದ್ದೀನಿ. ಈ ಮೂರು ಸಂಖ್ಯೆ ನೋಡಿದ ತಕ್ಷಣ ಒಂದು ಕೆಲಸ ಮಾಡಿ. ಕಿಲೋಮೀಟರನ್ನ ಮೈಲಿ ಮಾಡಿ ನೋಡಿ.

805 ಕಿ.ಮೀ. ಅಂದ್ರೆ 500 ಮೈಲಿ. 765 ಅಂದ್ರೆ 475 ಮೈಲಿ. ಎರಡೂ ಉಂಡೆ ಉಂಡೆಯಾದ ಸಂಖ್ಯೆಗಳು. ಅಂದ್ರೆ ಇವನ್ನ ಯಾರೂ ಕಿಲೋಮೀಟರಲ್ಲಿ ಅಳೆದಿಲ್ಲ. ಯಾವುದೋ ಕಾಲದಲ್ಲಿ ಒಬ್ಬರು "ಸುಮಾರು ಐನೂರು ಮೈಲಿ" ಅಂದ್ರು, ಇನ್ನೊಬ್ಬರು "ಸುಮಾರು 475" ಅಂದ್ರು. ನಮ್ಮಲ್ಲಿ 1956ರ ಕಾಯ್ದೆ ಬಂದ ಮೇಲೆ ಮೈಲಿ ಹಂತಹಂತವಾಗಿ ಹೋಗಿ ಕಿಲೋಮೀಟರ್ ಬಂತಲ್ಲ, ಆಗ ಗುಣಾಕಾರ ಮಾಡಿ ಪುಸ್ತಕಕ್ಕೆ ಹಾಕಿದ್ದಾರೆ. "ಸುಮಾರು" ಅನ್ನೋದು ದಾರೀಲಿ ಬಿದ್ದುಹೋಯ್ತು, ಕೊನೆಯ ಆ ಐದು ಮಾತ್ರ ಉಳೀತು. ಅದನ್ನ ನೋಡಿ ಮಕ್ಕಳು "ಓ, ಎಷ್ಟು ಕರೆಕ್ಟಾಗಿ ಅಳೆದಿದ್ದಾರೆ" ಅಂದ್ಕೋತಾರೆ.

ಕನ್ನಂಬಾಡಿ ಹೈದ

ಸಾರ್ ಒಂದ್ನಿಮಿಷ. 475ನ್ನ 1.609ರಿಂದ ಗುಣಿಸಿದ್ರೆ 764 ಚಿಲ್ಲರೆ ಬರತ್ತೆ. 765 ಎಲ್ಲಿ ಬಂತು? ಲೆಕ್ಕ ಕೂಡ್ತಿಲ್ಲ.

ಹಳೇ ಸರ್ವೇಯರ್

ಭಲೇ, ಲೆಕ್ಕ ಮಾಡಿ ಕೇಳಿದ್ಯಲ್ಲ ಮರಿ. 1.61ರಿಂದ ಗುಣಿಸಿ ನೋಡು. 764.75 ಬರತ್ತೆ, ದುಂಡು ಮಾಡಿದ್ರೆ 765. ಕೈಲಿ ಲೆಕ್ಕ ಮಾಡೋ ಕಾಲದಲ್ಲಿ 1.61 ಹಾಕೋದು ಮಾಮೂಲು. 500ಕ್ಕೆ ಅದೇ ಹಾಕಿದ್ರೆ ಸರಿಯಾಗಿ 805.

ಸರಸ್ವತಿಪುರಂ ಶಾರದಾ

ಸರ್, ಊಹೆ ಚೆನ್ನಾಗಿದೆ, ಆದರೆ ಊಹೆಯೇ. ಸುಮ್ಮನೆ ಯಾವುದೇ ಸಂಖ್ಯೆ ತೆಗೆದುಕೊಂಡರೂ ಒಮ್ಮೊಮ್ಮೆ ಉಂಡೆ ಮೈಲಿಗೆ ಹೊಂದಿಬಿಡುತ್ತದೆ. 25 ಮೈಲಿ ಅಂದರೆ 40 ಕಿ.ಮೀ., ಹಾಗಾಗಿ ನಲವತ್ತು ಸಂಖ್ಯೆಗಳಲ್ಲಿ ಒಂದಾದರೂ ತಾನಾಗಿಯೇ ಹೊಂದುತ್ತದೆ. ಅನುಮಾನ ಪಡಬಹುದು, ತೀರ್ಪು ಕೊಡುವ ಹಾಗಿಲ್ಲ. ಮಕ್ಕಳ ಮುಂದೆ ಹೇಳಬೇಕಾದರೆ ಹಳೆಯ ಪುಸ್ತಕದಲ್ಲಿ ಮೈಲಿಯಲ್ಲೇ ಬರೆದಿರುವುದನ್ನು ಕಣ್ಣಾರೆ ನೋಡಿರಬೇಕು.

ನಾನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಲೈಬ್ರರಿಯಲ್ಲಿ ಕೆಲಸ ಮಾಡಿದವಳು. 1908ರ ಇಂಪೀರಿಯಲ್ ಗೆಜೆಟಿಯರ್ ಆಫ್ ಇಂಡಿಯಾದಲ್ಲಿ ಕಾವೇರಿಯ ಉದ್ದ ಸುಮಾರು 475 ಮೈಲಿ ಅಂತಲೇ ಇದೆ. ಈಗಿನ ಬ್ರಿಟಾನಿಕಾ ವಿಶ್ವಕೋಶದಲ್ಲೂ 475 ಮೈಲಿ, ಪಕ್ಕದಲ್ಲಿ 765 ಕಿ.ಮೀ. ನೂರು ವರ್ಷ ಮೇಲಾದರೂ ಅದೇ. ನಡುವೆ ಯಾರಾದರೂ ಹೊಸದಾಗಿ ಅಳೆದಿದ್ದರೆ ಒಂದೆರಡು ಮೈಲಿಯಾದರೂ ಹೆಚ್ಚುಕಡಿಮೆ ಆಗಬೇಕಿತ್ತಲ್ಲವೇ? 500 ಮೈಲಿಯ ಮೂಲ ನನಗೆ ಸಿಕ್ಕಿಲ್ಲ. ಅದು ಸಿಗುವವರೆಗೆ 805ರ ಮೇಲೆ ಅನುಮಾನ ಮಾತ್ರ.

ಮೇಷ್ಟ್ರೇ, ನೀವು "ಮೂರು ವೆಬ್‌ಸೈಟಲ್ಲೂ ಅದೇ ಇದೆ" ಅಂತ ಬರೆದಿದ್ದೀರಲ್ಲ, ತೂತು ಇರುವುದು ಅಲ್ಲೇ. ಮೂರೂ ಒಬ್ಬರನ್ನೇ ನೋಡಿ ಬರೆದಿದ್ದರೆ ಅದು ಒಂದೇ ಸಾಕ್ಷಿ. ಬೇರೆ ಬೇರೆಯವರು ನಿಜವಾಗಿ ಅಳೆದರೆ ಕೊನೆಯ ಅಂಕಿಯವರೆಗೆ ಒಂದೇ ಬರುವುದಿಲ್ಲ. ಒಂದೇ ಬಂದಿದ್ದರೆ ಕಾಪಿ ಅಂತ ತಿಳಿಯಬೇಕು.

ಕೊಪ್ಪಲು ಗೌಡ

ಏನ್ ಸಾ ಇದು, ಉದ್ದ ಕಟ್ಕಂಡು ಏನ್ ಮಾಡೀರಿ? ನೀರೆಷ್ಟು ಅನ್ನದ್ನ ಕೇಳಿ ಮಕ್ಳಿಗೆ. 2007ರಲ್ಲಿ ನ್ಯಾಯಮಂಡಳಿ ಬಿಳಿಗುಂಡ್ಲುಲಿ 192 ಟಿಎಂಸಿ ಬುಡಿ ಅಂತು, 2018ರಲ್ಲಿ ಸುಪ್ರೀಂ ಕೋರ್ಟು 177.25 ಅಂತು. ನಮ್ ನಾಲೆಗೆ ನೀರು ಬಂದ್ರೆ ಸಾಕು, ನದಿ ಉದ್ದ ಇದ್ರೇನು ಗಿಡ್ಡ ಇದ್ರೇನು.

ಕನ್ನಂಬಾಡಿ ಹೈದ

ಗೌಡ್ರೇ ಇದು ಕ್ವಿಜ್ ಚರ್ಚೆ, ಧರಣಿ ಅಲ್ಲ 😄

ಕೊಪ್ಪಲು ಗೌಡ

ನೀನು ಕೆರ್‍ಎಸ್ ಪಕ್ಕ ಕುಂತಿದೀಯ, ಮಾತಾಡ್ತೀಯ ಕಣಪ್ಪ.

ನಿರ್ವಾಹಕ

ನೀರಿನ ಹಂಚಿಕೆಗೆ ಬೇರೆ ಎಳೆ ಇದೆ. ಇಲ್ಲಿ ಬೇಡ. ಗೌಡರೇ, ದಯವಿಟ್ಟು.

ಕ್ವಿಜ್ ಮಗಳ ಅಪ್ಪ

ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. 800 ಆದ್ರೂ ಸರಿಯಾ? ಅದೂ ಉಂಡೆ ಸಂಖ್ಯೇನೇ ಅಲ್ವಾ?

ಹಳೇ ಸರ್ವೇಯರ್

ಒಳ್ಳೆ ಪ್ರಶ್ನೆ. 800ಕ್ಕೆ ಒಂದು ಅನುಕೂಲ ಇದೆ. ಅದನ್ನ ಬಿಡಿಸಿ ಕೊಟ್ಟಿದ್ದಾರೆ. ನದಿ ಕಣಿವೆಗಳ ಸರ್ಕಾರಿ ವಿವರಗಳಲ್ಲಿ ಹೀಗೆ ಬರತ್ತೆ: ಕರ್ನಾಟಕದಲ್ಲಿ 320 ಕಿ.ಮೀ., ತಮಿಳುನಾಡಲ್ಲಿ 416, ಎರಡೂ ರಾಜ್ಯದ ನಡುವೆ ಗಡಿಯಾಗಿ ಹರಿಯೋದು 64. ಕೂಡಿದ್ರೆ 800. ಬಿಡಿ ಲೆಕ್ಕ ಇದ್ದಾಗ ಕೂಡಿ ನೋಡಬಹುದು, ಒಂದೊಂದು ತುಂಡನ್ನೂ ನಕ್ಷೆ ಮೇಲೆ ಪರೀಕ್ಷೆ ಮಾಡಬಹುದು. 805ಕ್ಕೆ ಆ ಸೌಲಭ್ಯ ಇಲ್ಲ, ಅದು ಒಂಟಿ ಸಂಖ್ಯೆ.

ಹಾಗಂತ ನದಿ 800ಕ್ಕೆ ಗೆರೆ ಹೊಡೆದ ಹಾಗೆ ನಿಲ್ಲತ್ತೆ ಅಂತಲ್ಲ. ನೀವೇ ಅಳೆದು ನೋಡಿ. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೇಲಿ ಎರಡು ಸೆಂಟಿಮೀಟರ್ ಅಂದ್ರೆ ಒಂದು ಕಿಲೋಮೀಟರ್. ಹತ್ತಿ ನೂಲನ್ನ ಸ್ವಲ್ಪ ಒದ್ದೆ ಮಾಡ್ಕೊಂಡು ನದಿಯ ನಟ್ಟನಡುವೆ ಕೂರಿಸ್ತಾ ಹೋಗಬೇಕು. ಒಣ ನೂಲು ತಿರುವಲ್ಲಿ ಸಿಡಿದು ನೇರ ಆಗ್ಬಿಡತ್ತೆ. ದೊಡ್ಡ ತಿರುವಲ್ಲಿ ಗುಂಡುಸೂಜಿ ಚುಚ್ಚಿ. ಆಮೇಲೆ ನೂಲು ಎತ್ತಿ ಸ್ಕೇಲಿನ ಮೇಲೆ ಇಟ್ಟು ಸೆಂಟಿಮೀಟರನ್ನ ಎರಡರಿಂದ ಭಾಗಿಸಿ.

ಈಗ ಅದೇ ತುಂಡನ್ನ ಗೋಡೆಗೆ ಹಾಕೋ ದೇಶದ ನಕ್ಷೇಲಿ ಅಳೀರಿ. ಅಲ್ಲಿ ಹತ್ತು ಲಕ್ಷಕ್ಕೆ ಒಂದು ಅನ್ನೋ ಪ್ರಮಾಣ ಇದ್ರೂ ಒಂದು ಕಿಲೋಮೀಟರ್ ಅಂದ್ರೆ ಒಂದು ಮಿಲಿಮೀಟರ್. ಅರ್ಧ ಕಿಲೋಮೀಟರಿನ ತಿರುವು ನೂಲಿನ ದಪ್ಪದಲ್ಲೇ ಮುಳುಗಿಹೋಗತ್ತೆ. ಹಾಗಾಗಿ ಸಣ್ಣ ನಕ್ಷೇಲಿ ನದಿ ಯಾವಾಗಲೂ ಗಿಡ್ಡ. ಇದು ಅಳೆಯೋನ ತಪ್ಪಲ್ಲ, ನಕ್ಷೇಲಿ ಆ ತಿರುವೇ ಇರಲ್ಲ.

ಮಳವಳ್ಳಿ ಮೇಷ್ಟ್ರು

ಸರ್ ಇದನ್ನ ಕ್ವಿಜ್ಜಿಗೆ ಮುಂಚೆ ತರಗತೀಲೇ ಮಾಡಿಸಬಹುದು. ಆ ನಕ್ಷೆ ನಮ್ಮಂಥ ಶಾಲೆಗೆ ಸಿಗತ್ತಾ?

ಹಳೇ ಸರ್ವೇಯರ್

ಸಾರ್ವಜನಿಕರಿಗೆ ಅಂತ ಇರೋ 1:50,000 ಹಾಳೆಗಳು ಸರ್ವೇ ಆಫ್ ಇಂಡಿಯಾ ಸೈಟಲ್ಲಿ ಹೆಸರು ನೋಂದಾಯಿಸಿದ್ರೆ ಸಿಗತ್ವೆ. ಪ್ರಿಂಟ್ ತೆಗೆಸುವಾಗ "ಹಾಳೆಗೆ ಹೊಂದಿಸು" ಅಂತ ಒತ್ತಬೇಡಿ, ಪ್ರಮಾಣ ಕೆಡತ್ತೆ. ಪ್ರಿಂಟ್ ಆದ ಮೇಲೆ ನಕ್ಷೆಯ ಕೆಳಗಿರೋ ಪ್ರಮಾಣದ ಪಟ್ಟಿಯನ್ನ ಸ್ಕೇಲಲ್ಲಿ ಅಳೆದು ನೋಡಿ. ಒಂದು ಕಿಲೋಮೀಟರಿನ ಪಟ್ಟಿ ಎರಡು ಸೆಂಟಿಮೀಟರ್ ಇಲ್ಲದಿದ್ರೆ ಆ ಹಾಳೇನ ರದ್ದಿಗೆ ಹಾಕಿ.

ಸರಸ್ವತಿಪುರಂ ಶಾರದಾ

ಅಳತೆಯ ಪ್ರಮಾಣ ಬದಲಾದರೆ ಉದ್ದ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದ ಕರಾವಳಿಯೇ ಇದೆಯಲ್ಲ. ನಾವೆಲ್ಲ 7,516.6 ಕಿ.ಮೀ. ಅಂತ ಬಾಯಿಪಾಠ ಮಾಡಿದವರು. ಈಗ ಸರ್ಕಾರವೇ 11,098.81 ಅನ್ನುತ್ತಿದೆ. ನೆಲ ಬೆಳೆದಿಲ್ಲ. ಹಳೆಯದು ತೀರಾ ಸಣ್ಣ ಪ್ರಮಾಣದ ನಕ್ಷೆಯಿಂದ ಬಂದದ್ದು, ಹೊಸದು 1:2,50,000ರಿಂದ. ಅಳಿವೆ, ಕೊಲ್ಲಿ, ಹಿನ್ನೀರಿನ ಅಂಚು ಎಲ್ಲ ಲೆಕ್ಕಕ್ಕೆ ಬಂದವು. ಮೇಷ್ಟ್ರೇ, ನಿಮ್ಮ ಬಳಿ ಕರಾವಳಿಯ ಪ್ರಶ್ನೆ ಇದ್ದರೆ ಈಗಲೇ ತಿದ್ದಿಕೊಳ್ಳಿ. ಹಳೇ ಪುಸ್ತಕದ ಮಗು, ಹೊಸ ಪುಸ್ತಕದ ಮಗು ಎರಡೂ ಎದುರುಬದುರು ಕೂತಿರುತ್ತವೆ.

ಕೆಎಎಸ್ ಕನಸು

ಮೇಡಂ, ಹೀಗೆ ಹೋದ್ರೆ ಯಾವ ಪ್ರಶ್ನೆಗೂ ಉತ್ತರಾನೇ ಇರಲ್ಲ. ಪರೀಕ್ಷೇಲಿ ನಾಲ್ಕು ಆಯ್ಕೆ ಕೊಡ್ತಾರೆ, ಒಂದಕ್ಕೆ ಟಿಕ್ ಹಾಕಬೇಕು. ಅಲ್ಲಿ "ಪ್ರಮಾಣದ ಮೇಲೆ ಅವಲಂಬಿಸಿದೆ" ಅಂತ ಬರೆಯಕ್ಕಾಗತ್ತಾ?

ಸರಸ್ವತಿಪುರಂ ಶಾರದಾ

ಆಯ್ಕೆಯಲ್ಲಿ 765, 800, 805 ಮೂರನ್ನೂ ಕೊಟ್ಟರೆ ಪ್ರಶ್ನೆ ಬರೆದವರದ್ದೇ ತಪ್ಪು. 400, 800, 1,400 ಅಂತ ಕೊಟ್ಟರೆ ಯಾರ ತಕರಾರೂ ಇಲ್ಲ. ಉತ್ತರ ಎಷ್ಟು ಗಟ್ಟಿಯೋ ಅಷ್ಟೇ ಗಟ್ಟಿಯಾಗಿ ಪ್ರಶ್ನೆ ಕೇಳಬೇಕು.

ಹನೂರು ಬಸ್ಸು

64 ಕಿಲೋಮೀಟರ್ ಅಂದ್ರಲ್ಲ, ಅದು ನಮ್ಮೂರ ಕಡೇದು. ಹೊಗೇನಕಲ್ಲಿಗೆ ಬಂದು ನೋಡಿ. ಈ ದಡದವರು ನಮ್ಮ ಚಾಮರಾಜನಗರ ಜಿಲ್ಲೆ, ಆ ದಡದವರು ಧರ್ಮಪುರಿ. ಹರಿಗೋಲು ಎರಡೂ ಕಡೆಯಿಂದ ಬಿಡ್ತಾರೆ. ನಮ್ಮ ಮಾವನ ಮಗ ಹರಿಗೋಲು ನಡೆಸ್ತಾನೆ, ನೀರಿನ ನಡುವೆ ಗೆರೆ ಎಲ್ಲಿದೆ ಅಂತ ಕೇಳಿದ್ರೆ ಹುಟ್ಟು ಎತ್ತಿ ತೋರಿಸ್ತಾನೆ, ಒಂದೊಂದ್ಸಲ ಒಂದೊಂದು ಕಡೆ 😀

ನನ್ನ ಡೌಟು ಏನಂದ್ರೆ, ಕರ್ನಾಟಕದಲ್ಲಿ ಕಾವೇರಿ ಎಷ್ಟು ದೂರ ಹರಿಯತ್ತೆ ಅಂದ್ರೆ 320 ಅನ್ನಬೇಕಾ, 384 ಅನ್ನಬೇಕಾ? ಆ 64ರಲ್ಲಿ ನಮ್ಮ ದಡಾನೂ ಇದೆಯಲ್ಲ.

ಹಳೇ ಸರ್ವೇಯರ್

ಎರಡೂ ಸರಿ ಕಣಪ್ಪ. "ಪೂರ್ತಿ ಕರ್ನಾಟಕದ ಒಳಗೆ" ಅಂದ್ರೆ 320. "ಕರ್ನಾಟಕವನ್ನ ಮುಟ್ಟಿಕೊಂಡು" ಅಂದ್ರೆ 384. ತಮಿಳುನಾಡಿನವರೂ ಹೀಗೇ 416 ಅನ್ನಬಹುದು, 480 ಅನ್ನಬಹುದು. ಆದ್ರೆ 384ನ್ನೂ 480ನ್ನೂ ಕೂಡಿದ್ರೆ 864 ಆಗ್ಬಿಡತ್ತೆ. ಗಡಿ ತುಂಡು ಎರಡು ಸಲ ಬಿತ್ತು ಅಂತ ಗೊತ್ತಾಗೋದೇ ಹಾಗೆ.

ಕನ್ನಂಬಾಡಿ ಹೈದ

ಮೇಷ್ಟ್ರೇ ಇದನ್ನೇ ಪ್ರಶ್ನೆ ಮಾಡಿ! "ಕರ್ನಾಟಕದೊಳಗೆ 320, ತಮಿಳುನಾಡೊಳಗೆ 416, ಕೂಡಿದ್ರೆ 736. ಆದ್ರೆ ನದಿ 800 ಅಂತಾರೆ. ಉಳಿದ 64 ಎಲ್ಲಿ ಹೋಯ್ತು?" ಬಾಯಿಪಾಠ ಮಾಡ್ಕೊಂಡು ಬಂದೋರೆಲ್ಲ ಕಕ್ಕಾಬಿಕ್ಕಿ.

ಕ್ವಿಜ್ ಮಗಳ ಅಪ್ಪ

ಸೂಪರ್. ಮಗಳಿಗೆ ಕೇಳ್ದೆ. "ಕೇರಳಕ್ಕೆ ಹೋಯ್ತಾ?" ಅಂದಳು. ಅದೂ ಒಂಥರಾ ಸರಿ ಅಲ್ವಾ, ಕಬಿನಿ ಅಲ್ಲಿಂದಾನೇ ಬರೋದು?

ಸರಸ್ವತಿಪುರಂ ಶಾರದಾ

ಕಬಿನಿ ವಯನಾಡಿನಿಂದ ಬರುವುದು ನಿಜ. ಆದರೆ ಅದು ಉಪನದಿ, ಕಾವೇರಿಯ ಉದ್ದದಲ್ಲಿ ಬರುವುದಿಲ್ಲ. ನಿಮ್ಮ ಮಗಳು ಕೇಳಿದ್ದರಲ್ಲಿ ಇನ್ನೊಂದು ಜಗಳದ ಬೇರಿದೆ. "ಕಾವೇರಿ ಎಷ್ಟು ರಾಜ್ಯದಲ್ಲಿ ಹರಿಯುತ್ತದೆ?" ಅಂದರೆ ಎರಡು. "ಕಾವೇರಿ ಕಣಿವೆ ಎಷ್ಟು ರಾಜ್ಯಕ್ಕೆ ಸೇರಿದೆ?" ಅಂದರೆ ಕೇರಳವೂ ಬಂದು ಮೂರು, ಜೊತೆಗೆ ಪುದುಚೇರಿಯ ಕಾರೈಕಾಲ್. ಕಾರೈಕಾಲಿನ ಮೂಲಕ ಹರಿಯುವುದು ಅರಸಲಾರು, ಕಾವೇರಿಯ ಕವಲು. ಪ್ರಶ್ನೆಯಲ್ಲಿ "ನದಿ"ಯೋ "ಕಣಿವೆ"ಯೋ ಅನ್ನುವುದನ್ನು ಓದುವಾಗ ಒತ್ತಿ ಹೇಳಿ, ಮೇಷ್ಟ್ರೇ.

ಕೆಎಎಸ್ ಕನಸು

ಸರಿ, ನದಿ ಬಿಡಿ. ಕೆಆರ್‌ಎಸ್ ಮಂಡ್ಯ ಅಂತ ಬರೆದಿದ್ದೀರಲ್ಲ, ಮೈಸೂರಿನವರು ಒಪ್ಪಲ್ಲ. ಪ್ರವಾಸಿಗರೆಲ್ಲ "ಮೈಸೂರು ಬೃಂದಾವನ" ಅಂತಾನೇ ಬರೋದು.

ಕೊಪ್ಪಲು ಗೌಡ

ಒಪ್ಪದೇ ಏನ್ ಮಾಡಾರು? ಅಣೆಕಟ್ಟೆ ನಮ್ದು, ಹೆಸರು ಅವರ್ದು. ಯಾವತ್ತೂ ಹಂಗೇ.

ಕನ್ನಂಬಾಡಿ ಹೈದ

ಗೌಡ್ರು ಒಂದು ಮಾತು ಹೇಳಿದ್ರೂ ಮುತ್ತು.

ಸರಸ್ವತಿಪುರಂ ಶಾರದಾ

ನಾನು ಮೈಸೂರಿನವಳೇ, ಒಪ್ಪುತ್ತೇನೆ. ಜನಗಣತಿಯ ಪಟ್ಟಿಯಲ್ಲಿ ಕೃಷ್ಣರಾಜಸಾಗರ ಅನ್ನುವ ಊರು ಮಂಡ್ಯ ಜಿಲ್ಲೆ ಶ್ರೀರಂಗಪಟ್ಟಣ ತಾಲ್ಲೂಕಿನ ಅಡಿಯಲ್ಲಿದೆ. ಯಾವ ಊರು ಯಾವ ಜಿಲ್ಲೆ ಅಂತ ಗೊಂದಲ ಬಂದರೆ ಪ್ರವಾಸಿ ಜಾಹೀರಾತು ನೋಡಬೇಡಿ, ಜನಗಣತಿಯ ಜಿಲ್ಲಾ ಕೈಪಿಡಿ ನೋಡಿ. ಆದರೆ ಪ್ರಶ್ನೆಯಲ್ಲಿ "ಅಣೆಕಟ್ಟೆ" ಅಂತಲೇ ಇರಲಿ. "ಜಲಾಶಯ" ಅಂದರೆ ಹಿನ್ನೀರು ಮೈಸೂರು ಜಿಲ್ಲೆಗೂ ಚಾಚಿದೆ, ಅವರು ಕೈ ಎತ್ತುತ್ತಾರೆ, ಎತ್ತಿದರೆ ತಪ್ಪೂ ಅಲ್ಲ.

ಹನೂರು ಬಸ್ಸು

ಇದೇ ಥರ ಶಿವನಸಮುದ್ರ. ಗಗನಚುಕ್ಕಿ ನೋಡೋ ಜಾಗ ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕು, ಭರಚುಕ್ಕಿ ನಮ್ಮ ಕೊಳ್ಳೇಗಾಲ. ಒಂದೇ ಜಲಪಾತ ಅಂತ ಕೇಳಿದ್ರೆ ಎರಡು ಜಿಲ್ಲೆಯವರೂ ಬಝರ್ ಒತ್ತುತಾರೆ.

ಮಳವಳ್ಳಿ ಮೇಷ್ಟ್ರು

ನಮ್ಮ ತಾಲ್ಲೂಕಿನದೇ ಉದಾಹರಣೆ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಮೊದಲನೇ, ಎರಡನೇ ಪ್ರಶ್ನೆ ಯಾರೂ ಮುಟ್ಟಲೇ ಇಲ್ಲ. ಅವು ಸರಿ ಇವೆ ಅಂತಾನಾ?

ಕೆಎಎಸ್ ಕನಸು

ನೆದರ್ಲೆಂಡ್ಸ್‌ಗೆ ಹೇಗ್ ಅಂದ್ರೂ ಅಂಕ ಕೊಡಬೇಕು ಸರ್. ಸರ್ಕಾರ, ಸಂಸತ್ತು, ಸುಪ್ರೀಂ ಕೋರ್ಟು ಎಲ್ಲ ಅಲ್ಲೇ ಇರೋದು. ರಾಜಧಾನಿ ಅನ್ನೋದನ್ನ ಯಾವ ಸಂವಿಧಾನವೂ ಬರೆಯಲ್ಲ, ಸರ್ಕಾರ ಎಲ್ಲಿದೆಯೋ ಅದೇ ರಾಜಧಾನಿ. ನಮ್ಮ ಸಂವಿಧಾನದಲ್ಲೂ ದೆಹಲಿ ರಾಜಧಾನಿ ಅಂತ ಎಲ್ಲೂ ಇಲ್ಲ.

ಸರಸ್ವತಿಪುರಂ ಶಾರದಾ

ಸರ್ಕಾರ ಹೇಗ್‌ನಲ್ಲಿದೆ ಅನ್ನುವುದು ಸರಿ. ಉಳಿದದ್ದು ಅಲ್ಲ. ನೆದರ್ಲೆಂಡ್ಸ್ ಸಂವಿಧಾನದ 32ನೇ ವಿಧಿಯಲ್ಲಿ ದೊರೆ ಪ್ರಮಾಣ ಮಾಡಬೇಕಾದದ್ದು "ರಾಜಧಾನಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ" ಅಂತ ಹೆಸರಿಟ್ಟೇ ಬರೆದಿದ್ದಾರೆ. ಬೊಲಿವಿಯಾದ 2009ರ ಸಂವಿಧಾನದ 6ನೇ ವಿಧಿ ಸೂಕ್ರೆ ರಾಜಧಾನಿ ಅನ್ನುತ್ತದೆ, ಸರ್ಕಾರ ಮಾತ್ರ ಲಾ ಪಾಜ್‌ನಲ್ಲಿ. ನೀವು ಹೇಳುವ "ಸರ್ಕಾರ ಎಲ್ಲೋ ರಾಜಧಾನಿ ಅಲ್ಲಿ" ಅನ್ನುವ ಸೂತ್ರ ಈ ಎರಡೂ ಕಡೆ ಮುರಿದುಬೀಳುತ್ತದೆ.

ದೆಹಲಿಯ ವಿಷಯಕ್ಕೆ 239ಎಎ ವಿಧಿ ತೆಗೆದು ನೋಡಿ. 1991ರ 69ನೇ ತಿದ್ದುಪಡಿಯಲ್ಲಿ ಬಂದದ್ದು, "ರಾಷ್ಟ್ರ ರಾಜಧಾನಿ ಪ್ರದೇಶ" ಅಂತಲೇ ಇದೆ.

ಕೆಎಎಸ್ ಕನಸು

ಅದು ಪ್ರದೇಶದ ಹೆಸರು ಮೇಡಂ, "ದೆಹಲಿ ಭಾರತದ ರಾಜಧಾನಿ" ಅನ್ನೋ ವಾಕ್ಯ ಅಲ್ಲ.

ಸರಸ್ವತಿಪುರಂ ಶಾರದಾ

ಹೆಸರಲ್ಲೇ ರಾಜಧಾನಿ ಇದ್ದ ಮೇಲೆ ಇನ್ನೇನು ಬೇಕು ನಿಮಗೆ, ಮುದ್ರೆಯೇ?

ಕನ್ನಂಬಾಡಿ ಹೈದ

ಪಾಪ್‌ಕಾರ್ನ್ ತಂದೆ, ಮುಂದುವರಿಸಿ.

ಹಳೇ ಸರ್ವೇಯರ್

ಎರಡನೇ ಪ್ರಶ್ನೇಲಿ ತಾರೀಖು ಇಲ್ಲ ಮೇಷ್ಟ್ರೇ. ಆರು ರಾಜ್ಯ ಅನ್ನೋದು 2014ರ ಜೂನ್ 2ರಿಂದ, ತೆಲಂಗಾಣ ಆದ ಮೇಲೆ. ಅದಕ್ಕೂ ಮುಂಚೆ ಐದೇ. ನಿಮ್ಮ ಶಾಲೆ ಗೋಡೆ ಮೇಲಿರೋ ನಕ್ಷೆ ಮುದ್ರಣ ಆದ ವರ್ಷ ನೋಡಿದ್ದೀರಾ? ಮೂಲೇಲಿ ಸಣ್ಣ ಅಕ್ಷರದಲ್ಲಿ ಇರತ್ತೆ. ಜಿಲ್ಲೆಗಳದ್ದೂ ಅದೇ ಕಥೆ. ಚಾಮರಾಜನಗರ 1997ರದ್ದು, ರಾಮನಗರ 2007ರದ್ದು. ಆ ರಾಮನಗರಕ್ಕೂ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯ್ತು. ಮಂಡ್ಯದ ನೆರೆ ಜಿಲ್ಲೆ ಯಾವುದು ಅಂತ ಕೇಳಿದ್ರೂ ತಾರೀಖು ಬೇಕು.

ಕ್ವಿಜ್ ಮಗಳ ಅಪ್ಪ

ಬೆಂಗಳೂರು ಮಂಡ್ಯದ ಪಕ್ಕಕ್ಕೇ ಬಂದ್ಬಿಡ್ತು, ಸೈಟ್ ರೇಟು ಕೇಳಬೇಡಿ.

ಮಳವಳ್ಳಿ ಮೇಷ್ಟ್ರು

ಎಲ್ಲ ಗುಡ್ಡೆ ಹಾಕಿ ನಾಲ್ಕನೇ ಪ್ರಶ್ನೇನ ಹೊಸದಾಗಿ ಬರೆದಿದ್ದೀನಿ. ವೇದಿಕೆ ಮೇಲೆ ಓದೋದು ಹೀಗೆ:

"ಪ್ರಶ್ನೆ. ಸರ್ಕಾರಿ ವಿವರದ ಪ್ರಕಾರ ಕಾವೇರಿಯ ಒಟ್ಟು ಉದ್ದ ಸುಮಾರು 800 ಕಿ.ಮೀ. ಪೂರ್ತಿ ಕರ್ನಾಟಕದೊಳಗೆ 320, ಪೂರ್ತಿ ತಮಿಳುನಾಡಿನೊಳಗೆ 416. ಉಳಿದ 64 ಕಿ.ಮೀ. ಎಲ್ಲಿ ಹರಿಯುತ್ತದೆ?

ಉತ್ತರ. ಎರಡು ರಾಜ್ಯಗಳ ಗಡಿಯಾಗಿ.

ಗೊತ್ತಾದ ಬಗೆ. ಮೂರು ತುಂಡು ಕೂಡಿ ನೋಡಿದೆವು, ಒಟ್ಟು ತಾಳೆ ಆಯಿತು. ನಕ್ಷೆಯಲ್ಲಿ ಹೊಗೇನಕಲ್ ಹತ್ತಿರ ರಾಜ್ಯದ ಗಡಿಗೆರೆ ನದಿಯ ಮೇಲೇ ಸಾಗುವುದನ್ನು ನೋಡಿದೆವು. ಕೆಲವು ಪುಸ್ತಕಗಳಲ್ಲಿ 765 ಅಂತಿದೆ, ಅದು 475 ಮೈಲಿ ಅನ್ನುವ ಹಳೆಯ ಸಂಖ್ಯೆ. 805 ಅಂತಲೂ ಇದೆ, ಅದೂ 500 ಮೈಲಿಯಿಂದ ಬಂದಿರಬಹುದು ಅಂತ ಅನುಮಾನ, ಮೂಲ ಸಿಕ್ಕಿಲ್ಲ."

ನೇರವಾಗಿ ಉದ್ದ ಕೇಳೋ ಸಂದರ್ಭ ಬಂದ್ರೆ 760ರಿಂದ 810ರ ತನಕ ಯಾವುದು ಹೇಳಿದ್ರೂ ಪೂರ್ತಿ ಅಂಕ. ಈ ಮಿತೀನ ಸುತ್ತು ಶುರುವಾಗೋ ಮುಂಚೆ ತೀರ್ಪುಗಾರರ ಕೈಲಿ ಬರೆಸಿ ಇಟ್ಕೋತೀನಿ.

ಕ್ವಿಜ್ ಮಗಳ ಅಪ್ಪ

ಈ ಮಿತಿ ಆವತ್ತು ಇದ್ದಿದ್ರೆ ಟ್ರೋಫಿ ನಮ್ಮ ಶೋಕೇಸಲ್ಲಿರ್ತಿತ್ತು.

ಹನೂರು ಬಸ್ಸು

"ಹೊಗೇನಕಲ್ ಹತ್ತಿರ" ಅಂತ ಉತ್ತರ ಕೊಟ್ಟರೂ ಅಂಕ ಕೊಡಿ ಮೇಷ್ಟ್ರೇ. ನಮ್ಮ ಕಡೆ ಮಕ್ಕಳು ಹಾಗೇ ಹೇಳೋದು.

ಹಳೇ ಸರ್ವೇಯರ್

ಸ್ಕ್ರಿಪ್ಟ್ ಚೆನ್ನಾಗಿದೆ. ಒಂದು ಮಾತು ತಿಳ್ಕೊಂಡಿರಿ, ಯಾರಾದ್ರೂ ಚೂಟಿ ಮಗು ಕೇಳಬಹುದು. ಕಾವೇರಿ ಮೂರು ಕಡೆ ಕವಲಾಗಿ ದ್ವೀಪ ಮಾಡತ್ತೆ: ಆದಿರಂಗ ಶ್ರೀರಂಗಪಟ್ಟಣ, ಮಧ್ಯರಂಗ ಶಿವನಸಮುದ್ರ, ಅಂತ್ಯರಂಗ ಶ್ರೀರಂಗಂ. ಪ್ರತಿ ಸಲವೂ ನೂಲನ್ನ ಯಾವ ಕವಲಲ್ಲಿ ಹಾಯಿಸಬೇಕು ಅನ್ನೋ ಪ್ರಶ್ನೆ ಬರತ್ತೆ. ಶ್ರೀರಂಗಂ ಮೇಲ್ಗಡೆ ಮುಕ್ಕೊಂಬು ಅಣೆಕಟ್ಟೆ ಹತ್ರ ಅಂತೂ ಉತ್ತರದ ಕವಲು ಕೊಳ್ಳಿಡಂ ಅನ್ನೋ ಹೆಸರಲ್ಲಿ ಬೇರೆ ಆಗಿ ಸಮುದ್ರ ಸೇರತ್ತೆ. ಪ್ರವಾಹದ ನೀರು ಹೆಚ್ಚು ಹೋಗೋದು ಅದರಲ್ಲೇ. ಕಾವೇರಿ ಅನ್ನೋ ಹೆಸರು ಉಳಿದ ಕವಲು ಹೊಲಗದ್ದೆಗೆ ನೀರು ಹಂಚಿ ಹಂಚಿ ಪೂಂಪುಹಾರಿಗೆ ಬರೋ ಹೊತ್ತಿಗೆ ಕಾಲುವೆ ಥರ ಆಗಿರತ್ತೆ. ಹೆಸರು ಹಿಡಿದು ಅಳೀಬೇಕಾ, ನೀರು ಹಿಡಿದು ಅಳೀಬೇಕಾ? ನನಗೆ ಕೇಳಿದ್ರೆ ಹೆಸರು. ನನ್ನ ಜೊತೆ ಕೆಲಸ ಮಾಡಿದವರು ಕೆಲವರು ನೀರು ಅಂತಿದ್ರು.

ಕೊಪ್ಪಲು ಗೌಡ

ನೀರು ಹಿಡ್ದೇ ಅಳೀಬೇಕು ಸಾ. ನಾನು ಮೊದ್ಲೇ ಅಂದಿರ್ನಿಲ್ವಾ.

ಕನ್ನಂಬಾಡಿ ಹೈದ

ಸಾರ್ ನಿಮ್ಮ ಮೈಲಿ ಟ್ರಿಕ್ಕನ್ನ ಎತ್ತರಕ್ಕೂ ಹಾಕ್ದೆ. ಕಾವೇರಿ ಹುಟ್ಟೋ ಜಾಗ 1,341 ಮೀಟರ್ ಅಂತ ಪುಸ್ತಕದಲ್ಲಿದೆ. ಅಡಿ ಮಾಡಿದ್ರೆ 4,400, ಒಂದಡಿನೂ ಹೆಚ್ಚುಕಡಿಮೆ ಇಲ್ಲ! ಇನ್ನೊಂದು ಕಡೆ ತಲಕಾವೇರಿ 1,276 ಮೀಟರ್ ಅಂತಿದೆ. ಅದು 4,186 ಅಡಿ, ಉಂಡೆ ಅಲ್ಲ. ಹಾಗಾದ್ರೆ 1,276 ನಿಜವಾಗಿ ಅಳೆದಿದ್ದು ಅನ್ನಬಹುದಾ?

ಹಳೇ ಸರ್ವೇಯರ್

ಅನುಮಾನ ಪಡೋಕೆ ಸಾಕು. ಉಂಡೆ ಅಲ್ಲ ಅಂದ ಮಾತ್ರಕ್ಕೆ ನಿಜ ಅಂತಲ್ಲ. ಒಂದು ದೇವಸ್ಥಾನದ ಹತ್ರದ್ದೋ, ಇನ್ನೊಂದು ಬೆಟ್ಟದ ಮೇಲಿಂದೋ, ಎರಡೂ ಬೇರೆ ಬೇರೆ ಜಾಗ ಇದ್ರೂ ಇರಬಹುದು. 1:50,000 ಹಾಳೇಲಿ ಸಮೋನ್ನತಿ ರೇಖೆ 20 ಮೀಟರಿಗೊಂದು ಇರತ್ತೆ. ಕೊಳದ ಮೇಲೆ ಕೆಳಗೆ ಯಾವ ರೇಖೆ ಹೋಗಿದೆ ನೋಡು, 65 ಮೀಟರ್ ವ್ಯತ್ಯಾಸ ಅಡಗೋಕೆ ಆಗಲ್ಲ. ನೋಡಿ ಬಂದು ಇಲ್ಲಿ ಹಾಕು.

ಕೆಎಎಸ್ ಕನಸು

ಯಾರೂ 802 ಬಗ್ಗೆ ಹೇಳ್ಲಿಲ್ಲ. ಒಂದು ಪುಸ್ತಕದಲ್ಲಿ ಅದೂ ಇದೆ. ಮೈಲಿ ಮಾಡಿದ್ರೆ 498 ಚಿಲ್ಲರೆ, ಉಂಡೆ ಅಲ್ಲ. ಏನಂತೀರಿ?

ಹಳೇ ಸರ್ವೇಯರ್

ಆ ಪುಸ್ತಕದಲ್ಲಿ ತುಂಡು ತುಂಡಾಗಿ ಬಿಡಿಸಿ ಕೊಟ್ಟಿದ್ದಾರಾ ನೋಡಿ. ಕೊಟ್ಟಿದ್ರೆ ಆ ಪುಟದ ಫೋಟೋ ಹಾಕಿ, ಮಾತಾಡೋಣ.

ಕೆಎಎಸ್ ಕನಸು

ಬಿಡಿಸಿಲ್ಲ, ಒಂದೇ ಸಾಲು. ಏನೇ ಆಗಲಿ ನಾನು ಪರೀಕ್ಷೇಲಿ 805ಕ್ಕೇ ಟಿಕ್ ಹಾಕೋದು, ಕೀ ಉತ್ತರದಲ್ಲಿ ಅದೇ ಬರತ್ತೆ.

ಸರಸ್ವತಿಪುರಂ ಶಾರದಾ

ಹಾಕಿ. 800 ಬಂದರೆ ಆಕ್ಷೇಪಣೆ ಸಲ್ಲಿಸಲು ಕೆಲವು ದಿನ ಬಿಡುತ್ತಾರೆ. ಆಗ ದಾಖಲೆ ಲಗತ್ತಿಸಿ ಅನ್ನುತ್ತಾರೆ. ಕೋಚಿಂಗ್ ನೋಟ್ಸಿನ ದಪ್ಪ ಅಕ್ಷರ ಲಗತ್ತಿಸುತ್ತೀರೋ?